ಗ್ರಾಹಕರು 'ಕೊಟ್ಟಾಯ್ತು' ಅಂತಾರೆ, ಕ್ಯಾಷಿಯರ್ 'ನಾಲ್ಕು ದಿನ ಹೆಚ್ಚುಕಮ್ಮಿ' ಅಂತಾರೆ, ಬ್ಯಾಂಕ್ ಲೆಕ್ಕ ಪೈಸೆಗೆ ಪೈಸೆ ಸರಿ ಇದೆ

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಆಂತರಿಕ ಲೆಕ್ಕಪರಿಶೋಧನೆ ಕೆಲಸಕ್ಕೆ ಸೇರಿ ಎರಡನೇ ವರ್ಷ. ಶಿವಮೊಗ್ಗದ ಒಂದು ಸಗಟು ವ್ಯಾಪಾರದ ಲೆಕ್ಕ ನೋಡ್ತಾ ಇದ್ದೀನಿ. ಮೈಲುತುತ್ತ, ಸುಣ್ಣ, ಸ್ಪ್ರೇಯರ್, ಪೈಪು ಇಂಥದ್ದು. ತೀರ್ಥಹಳ್ಳಿ, ಕೊಪ್ಪ, ಹೊಸನಗರ, ಸಾಗರ ಕಡೆಯ ಅಂಗಡಿಗಳಿಗೆ ಮತ್ತು ಕೆಲವು ದೊಡ್ಡ ತೋಟದವರಿಗೆ ಸಾಲದ ಮೇಲೆ ಮಾಲು ಹೋಗತ್ತೆ. ವಾರಕ್ಕೆ ಮೂರು ನಾಲ್ಕು ದಿನ ವಸೂಲಿಯವರು ಬೈಕಿನಲ್ಲಿ ಸುತ್ತಿ ನಗದು, ಚೆಕ್ ತರ್ತಾರೆ. ಕ್ಯಾಷಿಯರ್ ಟ್ಯಾಲಿಯಲ್ಲಿ ಎಂಟ್ರಿ ಮಾಡಿ ಬ್ಯಾಂಕಿಗೆ ಕಟ್ಟಿಸ್ತಾರೆ.

ಜೂನ್ 30ರ ಬಾಕಿಗೆ 40 ಜನರಿಗೆ ಬಾಕಿ ದೃಢೀಕರಣ ಪತ್ರ ಕಳಿಸಿದ್ವಿ. 14 ಉತ್ತರ ಬಂತು. 11 ಸರಿ ಇದೆ. ಒಬ್ಬರದ್ದು ಕೆಟ್ಟ ಸ್ಪ್ರೇಯರ್ ವಾಪಸ್ ಕೊಟ್ಟಿದ್ದರ ತಕರಾರು, ಅದು ನಿಜವಾದ ತಕರಾರೇ. ಉಳಿದದ್ದು ಎರಡು. ತೀರ್ಥಹಳ್ಳಿಯ ಅಂಗಡಿಯವರು 'ಜೂನ್ 24ಕ್ಕೆ 38,000 ಕೊಟ್ಟಿದ್ದೀವಿ, ನಿಮ್ಮ ಪಟ್ಟಿಯಲ್ಲಿಲ್ಲ' ಅಂತ ಬರೆದಿದ್ದಾರೆ. ರಿಪ್ಪನ್‌ಪೇಟೆಯವರು ಜೂನ್ 21ಕ್ಕೆ 15,000 ಕೊಟ್ಟಿದ್ದಾರಂತೆ.

ಕ್ಯಾಷಿಯರನ್ನ ಕೇಳಿದೆ. ಅವರು ತಕ್ಷಣ ಲೆಡ್ಜರ್ ತೆಗೆದು ತೋರಿಸಿದ್ರು. ಒಬ್ಬರದ್ದು ಜುಲೈ 2ಕ್ಕೆ ಜಮೆ ಆಗಿದೆ, ಇನ್ನೊಬ್ಬರದ್ದು ಜುಲೈ 1ಕ್ಕೆ. 'ಮಳೆಗಾಲ ಮೇಡಂ, ವಸೂಲಿಯವರು ಲೇಟಾಗಿ ಕೊಟ್ರು, ತಿಂಗಳ ಕೊನೆ ಬೇರೆ' ಅಂದ್ರು. ನಮ್ಮ ಆಫೀಸಿನ ಸೀನಿಯರ್ ಕೂಡ 'ಟೈಮಿಂಗ್ ವ್ಯತ್ಯಾಸ ಅಂತ ಬರೆದು ಮುಚ್ಚಿಬಿಡು' ಅಂದ್ರು. ಹಣವಂತೂ ಬಂದಿದೆ, ಬ್ಯಾಂಕ್ ಹೊಂದಾಣಿಕೆಯೂ ಸರಿ ಇದೆ. ಆದರೂ ಮುಚ್ಚೋಕೆ ಮನಸ್ಸು ಬರ್ತಿಲ್ಲ. ನಾನು ಸುಮ್ಮನೆ ಅನುಮಾನ ಪಡ್ತಾ ಇದ್ದೀನಾ?

ಟ್ಯಾಲಿ ಮಂಜು

ಮೇಡಂ, ನಾನು ಹದಿನೈದು ವರ್ಷದಿಂದ ಟ್ಯಾಲಿ ಮಾಡ್ತಾ ಇದ್ದೀನಿ. ಬ್ಯಾಂಕ್ ಸ್ಟೇಟ್‌ಮೆಂಟಿಗೂ ಕ್ಯಾಷ್ ಬುಕ್ಕಿಗೂ ಹೊಂದಾಣಿಕೆ ಆಗ್ತಿದೆ ಅಂದಮೇಲೆ ದುಡ್ಡು ಎಲ್ಲೂ ಹೋಗಿಲ್ಲ. ದುಡ್ಡು ಹೋಗಿದ್ರೆ ಬ್ಯಾಂಕಿನಲ್ಲಿ ಕಡಿಮೆ ಬೀಳಬೇಕಲ್ವಾ? ಆ ಪಾರ್ಟಿಗಳಿಗೆ ಜಮೆಯೂ ಆಗಿದೆ. ಜೊತೆಗೆ ಈಗ ಎಡಿಟ್ ಲಾಗ್ ಎಲ್ಲರಿಗೂ ಕಡ್ಡಾಯ. ಯಾರಾದ್ರೂ ಎಂಟ್ರಿ ತಿದ್ದಿದ್ರೆ ಅಲ್ಲೇ ಸಿಕ್ಕಿಬೀಳ್ತಾರೆ. ಅದನ್ನೊಂದು ತೆಗೆದು ನೋಡಿ, ಏನೂ ಇಲ್ಲ ಅಂದ್ರೆ ನೆಮ್ಮದಿಯಾಗಿರಿ.

ಮಂಡಗದ್ದೆ ರಾಘು

ಇದು ಎರಡು ಬ್ಯಾಂಕ್ ಖಾತೆ ಇಟ್ಕೊಂಡು ಇದರ ಚೆಕ್ ಅದಕ್ಕೆ, ಅದರ ಚೆಕ್ ಇದಕ್ಕೆ ಹಾಕಿ ತಿಂಗಳ ಕೊನೆಗೆ ಬ್ಯಾಲೆನ್ಸ್ ಜಾಸ್ತಿ ತೋರಿಸ್ತಾರಲ್ಲ, ಅದೇ ಅಲ್ವಾ? ನಮ್ಮ ಕಡೆ ಒಂದು ಸಂಸ್ಥೆಯಲ್ಲಿ ಹಾಗಾಗಿತ್ತು. ಎರಡೂ ಬ್ಯಾಂಕಿನ ಸ್ಟೇಟ್‌ಮೆಂಟ್ ಪಕ್ಕಪಕ್ಕ ಇಟ್ಟು ನೋಡಿ, ಗೊತ್ತಾಗತ್ತೆ.

ಹಳೆ ಲೆಡ್ಜರ್

ರಾಘು ಅವರೇ, ನೀವು ಹೇಳಿದ್ದು ಬೇರೆ ಆಟ. ಅಲ್ಲಿ ಇಲ್ಲದ ಹಣ ಬ್ಯಾಂಕಿನಲ್ಲಿ ಇದ್ದಹಾಗೆ ಕಾಣಿಸ್ತದೆ. ಇಲ್ಲಿ ಬ್ಯಾಂಕಿನ ಲೆಕ್ಕ ಪೂರ್ತಿ ನಿಜ. ಸುಳ್ಳು ಇರೋದು ಗ್ರಾಹಕರ ಖಾತೆಯಲ್ಲಿ.

ತುಂಗಾತೀರ ಮೇಡಂ, ದಯವಿಟ್ಟು ಮುಚ್ಚಬೇಡಿ. ನಿಮ್ಮ ಸೀನಿಯರ್ ಕೇಳಿದ ಪ್ರಶ್ನೆ 'ತೀರ್ಥಹಳ್ಳಿಯವರಿಗೆ ಜಮೆ ಆಯ್ತಾ' ಅನ್ನೋದು. ನೀವು ಕೇಳಬೇಕಾದ್ದು 'ಯಾರ ದುಡ್ಡಿನಿಂದ ಜಮೆ ಆಯ್ತು' ಅನ್ನೋದು. ನಾನು ಸಹಕಾರ ಸಂಘಗಳ ಲೆಕ್ಕಪರಿಶೋಧನೆಯಲ್ಲಿ ಬಹಳ ವರ್ಷ ಇದ್ದವನು. ಇದನ್ನ ಲ್ಯಾಪಿಂಗ್ ಅಂತಾರೆ, ಸಿಎ ಓದುವವರ ಪುಸ್ತಕದಲ್ಲಿ ಟೀಮಿಂಗ್ ಅಂಡ್ ಲೇಡಿಂಗ್ ಅಂತ ಇರತ್ತೆ. ಮೊದಲನೆಯವನ ಹಣ ಜೇಬಿಗೆ, ಎರಡನೆಯವನ ಹಣ ಮೊದಲನೆಯವನ ಖಾತೆಗೆ, ಮೂರನೆಯವನದ್ದು ಎರಡನೆಯವನ ಖಾತೆಗೆ. ಹೀಗೆ ತೂತು ಒಂದೇ, ಅದು ಒಬ್ಬರ ಖಾತೆಯಿಂದ ಇನ್ನೊಬ್ಬರ ಖಾತೆಗೆ ಜಾಗ ಬದಲಾಯಿಸ್ತಾ ಹೋಗತ್ತೆ. ಯಾವ ಗ್ರಾಹಕನಿಗೂ ತಿಂಗಳುಗಟ್ಟಲೆ ಬಾಕಿ ತೋರಿಸಲ್ಲ, ಹಾಗಾಗಿ ಯಾರೂ ಗಲಾಟೆ ಮಾಡಲ್ಲ.

ಮಂಜು ಅವರಿಗೆ ಒಂದು ಮಾತು. ಪ್ರತಿ ರಸೀದಿಗೂ ಮೂರು ತಾರೀಖು ಇರತ್ತೆ. ಗ್ರಾಹಕ ಹಣ ಕೊಟ್ಟ ತಾರೀಖು, ಪುಸ್ತಕದಲ್ಲಿ ಬರೆದ ತಾರೀಖು, ಬ್ಯಾಂಕಿಗೆ ಕಟ್ಟಿದ ತಾರೀಖು. ಬ್ಯಾಂಕ್ ಹೊಂದಾಣಿಕೆ ನೋಡೋದು ಕೊನೆಯ ಎರಡನ್ನ ಮಾತ್ರ. ಈ ಕೆಲಸ ಮಾಡುವವನು ಆ ಎರಡನ್ನ ಬಹಳ ಚೆನ್ನಾಗಿ ಹೊಂದಿಸಿ ಇಡ್ತಾನೆ. ಅಂತರ ಇರೋದು ಮೊದಲನೆಯದಕ್ಕೂ ಎರಡನೆಯದಕ್ಕೂ ನಡುವೆ. ಮೊದಲನೇ ತಾರೀಖು ಆಫೀಸಿನ ಯಾವ ಪುಸ್ತಕದಲ್ಲೂ ನಂಬಿಕೆಯಿಂದ ಸಿಗಲ್ಲ, ಅದು ಗ್ರಾಹಕನ ಕೈಯಲ್ಲಿರುವ ರಸೀದಿಯಲ್ಲಿ ಇರತ್ತೆ. ದೃಢೀಕರಣ ಪತ್ರ ಬೇಕಾಗೋದು ಅದಕ್ಕೇ.

ಎಡಿಟ್ ಲಾಗ್ ವಿಷಯ. ಅದು ಕಡ್ಡಾಯ ಆಗಿರೋದು ಕಂಪನಿಗಳಿಗೆ, 2023ರ ಏಪ್ರಿಲ್ 1ರಿಂದ. ಪಾಲುದಾರಿಕೆ, ಸ್ವಂತ ಅಂಗಡಿಗಳಿಗೆ ಆ ನಿಯಮ ಇಲ್ಲ. ಇದ್ದರೂ ಇಲ್ಲಿ ಪ್ರಯೋಜನ ಕಡಿಮೆ. ಇಲ್ಲಿ ಯಾರೂ ಎಂಟ್ರಿ ತಿದ್ದಲ್ಲ, ಮೊದಲ ಸಲವೇ ತಪ್ಪು ಹೆಸರಿಗೆ ಬರೀತಾರೆ. ತಿದ್ದದೇ ಇರೋದನ್ನ ಲಾಗ್ ಏನಂತ ತೋರಿಸತ್ತೆ?

ಮೇಡಂ, ಈಗ ಒಂದು ಸಣ್ಣ ಕೆಲಸ ಮಾಡಿ. ಜೂನ್ 24ಕ್ಕೆ ವಸೂಲಿಯವರು ತೀರ್ಥಹಳ್ಳಿಗೆ ಹೋದಾಗ ಇನ್ನೂ ಯಾರ್ಯಾರ ಹತ್ತಿರ ಹಣ ತಂದ್ರು, ಅವು ಯಾವತ್ತು ಜಮೆ ಆದವು ನೋಡಿ. ಮಳೆ, ಘಾಟಿ, ಬೈಕ್ ಕೆಟ್ಟಿದ್ದು, ಬ್ಯಾಂಕ್ ರಜೆ, ಇವೆಲ್ಲ ನಿಜವಾಗಿ ಆಗುವಂಥವೇ. ಆದರೆ ಮಳೆ ಒಂದು ರಸೀದಿಯನ್ನ ಮಾತ್ರ ತಡ ಮಾಡಲ್ಲ. ಒಂದೇ ಚೀಲದಲ್ಲಿ ಬಂದ ಹಣ ಎಲ್ಲ ಒಟ್ಟಿಗೆ ತಡ ಆಗಬೇಕು.

ಅಡಿಕೆ ತೋಟ, ಹೊಸನಗರ

ನಾನು ಲೆಕ್ಕದವನಲ್ಲ, ಕೃಷಿಕ. ಆದರೆ ಓದ್ತಾ ಓದ್ತಾ ಮೈ ಜುಂ ಅಂತು, ನನಗೇ ಆಗಿದ್ದಿದು.

ಕೆಲವು ವರ್ಷದ ಹಿಂದೆ ಅಡಿಕೆ ಕೊಟ್ಟ ದುಡ್ಡು ಬಂದ ಕೂಡಲೇ ಪೈಪಿನ ಬಾಕಿ 18,000 ತೀರಿಸಿದ್ದೆ. ಮಾರ್ಚ್ ತಿಂಗಳು. ಮೇ ತಿಂಗಳಲ್ಲಿ ಅದೇ 18,000 ಬಾಕಿ ಅಂತ ಬಡ್ಡಿ ಸಮೇತ ಕಾಗದ ಬಂತು. ನಮ್ಮ ಮನೇಲಿ ರಸೀದಿಗಳನ್ನೆಲ್ಲ ಬಿಸ್ಕೆಟ್ ಡಬ್ಬದಲ್ಲಿ ಹಾಕಿ ಒಲೆ ಮೇಲಿನ ಅಟ್ಟದಲ್ಲಿ ಇಡೋದು, ಇಲ್ಲದಿದ್ರೆ ಮಳೆಗಾಲದಲ್ಲಿ ಬೂಷ್ಟು ಹಿಡಿದು ಅಕ್ಷರ ಉಳಿಯಲ್ಲ. ಅದನ್ನ ಹುಡುಕಿ ತಗೊಂಡು ಹೋದೆ. ಅಲ್ಲಿಯವರು ನಗುತ್ತಾ 'ಅಯ್ಯೋ ಭಟ್ರೇ, ಬೇರೆಯವರ ಹೆಸರಿಗೆ ಹೋಗ್ಬಿಟ್ಟಿದೆ, ಸರಿ ಮಾಡ್ತೀನಿ' ಅಂದ್ರು. ಒಂದು ವಾರದಲ್ಲಿ ಸರಿ ಆಯ್ತು ಅಂತ ಫೋನೂ ಬಂತು. ನಾನು ಖುಷಿಯಾಗಿ ಮರೆತುಬಿಟ್ಟೆ. ಆಮೇಲೆ ಗೊತ್ತಾದದ್ದು, ಅಲ್ಲಿ ಆ ವ್ಯಕ್ತಿ ಎರಡು ವರ್ಷದಿಂದ ಹೀಗೇ ಮಾಡ್ತಾ ಇದ್ದ.

ನನಗೆ ಇವತ್ತಿಗೂ ಬೇಜಾರು ಏನು ಗೊತ್ತಾ? ಅದಕ್ಕಿಂತ ಮುಂಚೆ ಆ ಮಾರ್ಚ್ ಕೊನೆಯ ಬಾಕಿ ಪತ್ರಕ್ಕೆ ನಾನೇ ಸೈನ್ ಹಾಕಿದ್ದೆ. ವಸೂಲಿಗೆ ಬರ್ತಿದ್ದ ಹುಡುಗನೇ ಆ ಕಾಗದ ತಂದಿದ್ದ. ಅಂಗಳದಲ್ಲಿ ಅಡಿಕೆ ಹರವ್ತಾ ಇದ್ದೆ, ಕೈಯೆಲ್ಲ ಧೂಳು. 'ಆಡಿಟ್‌ಗೆ ಸರ್, ಇಲ್ಲೊಂದು ಸೈನು' ಅಂದ. ಏನು ಬರೆದಿದೆ ಅಂತ ನೋಡಲೇ ಇಲ್ಲ. 18,000 ಬಾಕಿ ಇದೆ ಅಂತ ನಾನೇ ಒಪ್ಪಿಕೊಂಡ ಹಾಗಾಯ್ತು.

ಹಳೆ ಲೆಡ್ಜರ್

ಭಟ್ರೇ, ನಿಮ್ಮ ತಪ್ಪಲ್ಲ ಅದು. ಆ ಪತ್ರವನ್ನ ವಸೂಲಿ ಹುಡುಗನ ಕೈಯಲ್ಲಿ ಕಳಿಸಿದವರ ತಪ್ಪು. ಹಣ ಮುಟ್ಟುವವರು ಪತ್ರ ಮುಟ್ಟಬಾರದು, ಉತ್ತರವನ್ನೂ ಮುಟ್ಟಬಾರದು. ಹೊರಗಿನ ಆಡಿಟರ್‌ಗಳಿಗೆ ಇರುವ ಎಸ್‌ಎ 505 ಮಾನದಂಡದಲ್ಲೂ ಇದೇ ಮುಖ್ಯ. ಯಾರಿಗೆ ಕಳಿಸಬೇಕು ಅನ್ನೋದನ್ನ ಆಡಿಟರೇ ಆರಿಸಬೇಕು, ಪತ್ರ ತಾನೇ ಕಳಿಸಬೇಕು, ಉತ್ತರ ತನಗೇ ಬರಬೇಕು.

ಮೇಡಂ, ನಿಮ್ಮ 40 ಪತ್ರ ಹೇಗೆ ಹೋದವು?

ತುಂಗಾತೀರ

ಸರ್, ಹೇಳೋಕೆ ಕಷ್ಟ ಆಗ್ತಿದೆ. ಹೆಸರು ಆರಿಸಿದ್ದು ನಾನೇ. ವಿಳಾಸ, ಫೋನ್ ನಂಬರ್ ಕೊಟ್ಟಿದ್ದು ಕ್ಯಾಷಿಯರ್. ಕವರ್ ಅಂಟಿಸಿ ಪೋಸ್ಟಿಗೆ ಹಾಕಿದ್ದು ಅವರ ಆಫೀಸಿನವರು. ಉತ್ತರಗಳೂ ಅಂಗಡಿ ವಿಳಾಸಕ್ಕೇ ಬಂದವು, ಅಲ್ಲಿಂದ ನನಗೆ ಕೊಟ್ರು. ಹಾಗಾದ್ರೆ ಆ 11 'ಸರಿ ಇದೆ' ಅನ್ನೋದೂ ನಂಬೋ ಹಾಗಿಲ್ವಾ?

ಜೂನ್ 24ರದ್ದು ನೋಡಿದೆ. ಟ್ಯಾಲಿ ನರೇಶನ್‌ನಲ್ಲಿ ಕೈರಸೀದಿ ನಂಬರ್ ಬರೀತಾರೆ, ಅದು ಉಪಯೋಗಕ್ಕೆ ಬಂತು. ಅವತ್ತಿನ ತೀರ್ಥಹಳ್ಳಿ ರಸೀದಿಗಳು 412ರಿಂದ 416. ಅದರಲ್ಲಿ 412, 413, 415, 416 ಮರುದಿನ, ಜೂನ್ 25ಕ್ಕೇ ಜಮೆ ಆಗಿವೆ. 414 ಮಾತ್ರ ಜುಲೈ 2ಕ್ಕೆ. ಆ 414ನೇ ರಸೀದಿಯೇ 38,000ದ್ದು.

ಇದನ್ನ ನೋಡಿದಾಗ ರಾತ್ರಿ ಹತ್ತೂವರೆ. ಎದೆ ಹೊಡ್ಕೊಳ್ತಾ ಇತ್ತು.

ಟ್ಯಾಲಿ ಮಂಜು

ಒಂದು ರಸೀದಿ ಅಕಸ್ಮಾತ್ ಬ್ಯಾಗಲ್ಲಿ ಉಳಿದಿರಬಹುದಲ್ಲ ಮೇಡಂ. ಆಗತ್ತೆ. ಒಂದರಿಂದ ಒಬ್ಬರ ಅನ್ನಕ್ಕೆ ಕಲ್ಲು ಹಾಕೋದು ಬೇಡ. ಎಡಿಟ್ ಲಾಗ್ ವಿಚಾರ ಲೆಡ್ಜರ್ ಸರ್ ಹೇಳಿದ್ದು ಒಪ್ಪಿದೆ, ನನಗೆ ಕಂಪನಿಗೆ ಮಾತ್ರ ಅಂತ ಗೊತ್ತಿರಲಿಲ್ಲ.

ಹಳೆ ಲೆಡ್ಜರ್

ಮಂಜು ಹೇಳಿದ್ದರಲ್ಲಿ ನ್ಯಾಯ ಇದೆ. ಒಂದು ರಸೀದಿ ತಡ ಆಗಿದ್ದು ಸುಳಿವು ಅಷ್ಟೇ. ರಸೀದಿಯೂ 38,000 ನೋಟೂ ಎಂಟು ದಿನ ಬ್ಯಾಗಲ್ಲೇ ಇದ್ದವು ಅಂತ ವಸೂಲಿಯವರು ಹೇಳಬಹುದು. ಅದು ನಿಜವಾಗಿದ್ರೆ ಜುಲೈ 2ಕ್ಕೆ ಬ್ಯಾಂಕಿಗೆ ಕಟ್ಟಿದ ಹಣದಲ್ಲಿ ಆ 38,000 ಹೆಚ್ಚುವರಿಯಾಗಿ ಇರಬೇಕು. ಅಂದ್ರೆ ಆ ದಿನಕ್ಕೆ ಬಂದ ಬೇರೆಯವರ ಹಣ ಪೂರ್ತಿ, ಅದರ ಮೇಲೆ ಇದು. ಹಾಗಿಲ್ಲದೆ ಬೇರೊಬ್ಬರ ಹಣದಲ್ಲಿ ಅಷ್ಟೇ ಕಡಿಮೆ ಬಿದ್ದಿದ್ರೆ ಬ್ಯಾಗಿನ ಕತೆ ನಿಲ್ಲಲ್ಲ.

ಹಾಗಾಗಿ ಜುಲೈ 2ಕ್ಕೆ ಜಮೆ ಆದ ಮತ್ತೆ ಯಾವ ಪಾರ್ಟಿ ಇದೆ ನೋಡಿ. ಅವರಿಗೆ ಮೊತ್ತ ಸಣ್ಣದಾಗಿದ್ರೆ, ಯಾವ ಬಿಲ್ಲಿಗೂ ಸರಿಹೊಂದದಿದ್ರೆ, ಟ್ಯಾಲಿಯಲ್ಲಿ ಇಂಥ ಬಿಲ್ಲಿಗೆ ಅಂತ ಹೊಂದಿಸೋ `Agst Ref` ಬದಲು ಯಾವ ಬಿಲ್ಲಿಗೂ ಸೇರಿಸದೆ `On Account` ಅಂತ ಹಾಕಿದ್ರೆ, ಅವರನ್ನ ಮೊದಲು ಕೇಳಿ. ಮಾಮೂಲಾಗಿ ಬಿಲ್ ಮೊತ್ತವನ್ನೇ ಕೊಡೋ ಅಂಗಡಿಯವನು ಇದ್ದಕ್ಕಿದ್ದಂತೆ ಚೂರುಪಾರು ಕೊಡೋಕೆ ಶುರು ಮಾಡಿದ್ದು ನಮಗೆ ಕಾಣತ್ತೆ. ಅವನು ಪೂರ್ತಿಯೇ ಕೊಟ್ಟಿರ್ತಾನೆ, ಚೂರು ಮಾಡಿದವರು ಬೇರೆ.

ಕೇಳುವಾಗ 'ನಿಮ್ಮ ಬಾಕಿ ಇಷ್ಟು, ಸರಿಯಾ' ಅಂತ ಕೇಳಬೇಡಿ. ಬಾಕಿ ಅನ್ನೋದು ಒಂದು ದಿನದ ಫೋಟೋ. ತೂತು ಆ ದಿನ ಯಾರ ಖಾತೆಯಲ್ಲಿ ಇರತ್ತೋ ಅವರೊಬ್ಬರು ಮಾತ್ರ ತಪ್ಪು ಅಂತಾರೆ, ಉಳಿದವರೆಲ್ಲ ನಿಜವಾಗಿಯೇ ಸರಿ ಅಂತಾರೆ. ನಿಮ್ಮ 11 ಉತ್ತರವೂ ಪ್ರಾಮಾಣಿಕವಾಗಿಯೇ ಇರಬಹುದು. ಎರಡು ಮೂರು ತಿಂಗಳ ಖಾತೆ ಪಟ್ಟಿ ಕಳಿಸಿ, ಪ್ರತಿ ಜಮೆಯ ಎದುರಿಗೆ 'ನೀವು ಕೊಟ್ಟ ತಾರೀಖು, ಮೊತ್ತ, ನಗದೋ ಚೆಕ್ಕೋ, ರಸೀದಿ ನಂಬರ್' ಬರೆಯೋಕೆ ಖಾಲಿ ಜಾಗ ಬಿಡಿ. ಬರೆಯೋಕೆ ಬೇಜಾರು ಅನ್ನೋರಿಗೆ ರಸೀದಿಯ ಫೋಟೋ ವಾಟ್ಸಾಪ್ ಮಾಡಿ ಅನ್ನಿ. ಫೋನ್ ನಂಬರನ್ನ ಮಾತ್ರ ಕ್ಯಾಷಿಯರ್ ಪಟ್ಟಿಯಿಂದ ತಗೋಬೇಡಿ. ಸೇಲ್ಸ್‌ನವರು, ಗೋಡೌನಿನವರು, ಅಂಗಡಿಯ ಬೋರ್ಡು, ಎಲ್ಲಿಂದಾದ್ರೂ ಸರಿ.

ಇನ್ನೊಂದು. ಪೇ-ಇನ್ ಸ್ಲಿಪ್ಪಿನ ಅರ್ಧ ಭಾಗ ಆಫೀಸ್ ಫೈಲಿನಲ್ಲಿ ಇರೋದನ್ನ ನಂಬಬೇಡಿ. ಅದರ ಹಿಂದೆ ಏನು ಬೇಕಾದ್ರೂ ಬರೀಬಹುದು. ಮಾಲೀಕರ ಪತ್ರ ತಗೊಂಡು ಬ್ಯಾಂಕಿನಿಂದಲೇ ಪ್ರತಿ ತರಿಸಿ. ಅದರಲ್ಲಿ ನಗದು ಎಷ್ಟು, ಚೆಕ್ ಎಷ್ಟು ಅನ್ನೋದನ್ನ ಅವತ್ತಿನ ಜಮೆಗಳ ಜೊತೆ ಹೋಲಿಸಿ. ಒಟ್ಟು ಮೊತ್ತ ಸರಿ ಇರತ್ತೆ, ಅದನ್ನ ನೋಡ್ತಾ ಕೂರಬೇಡಿ. ಒಳಗೆ ಏನಿದೆ ನೋಡಿ.

ಗಾಂಧಿಬಜಾರ್ ವ್ಯಾಪಾರಿ

ನಂದು ಹಾರ್ಡ್‌ವೇರ್ ಅಂಗಡಿ. ಇದನ್ನೆಲ್ಲ ಓದಿ ನಿನ್ನೆ ರಾತ್ರಿ ನಿದ್ದೆ ಬರಲಿಲ್ಲ. ನಮ್ಮ ಕ್ಯಾಷಿಯರ್ 14 ವರ್ಷದಿಂದ ಇದ್ದಾರೆ, ಒಂದು ದಿನ ರಜೆ ಹಾಕಿದವರಲ್ಲ. ಮಾರಿಕಾಂಬಾ ಜಾತ್ರೆಗೂ ಬೆಳಿಗ್ಗೆ ಬಂದು ಪುಸ್ತಕ ಬರೆದು ಹೋಗ್ತಾರೆ. ನಾನು ಅದನ್ನ ನಿಷ್ಠೆ ಅಂತ ನಾಲ್ಕು ಜನರ ಮುಂದೆ ಹೊಗಳಿದ್ದೀನಿ. ಈಗ ಏನು ಯೋಚನೆ ಮಾಡಬೇಕೋ ತಿಳೀತಿಲ್ಲ.

ಎಲ್ಲ ಕಡೆ ಕ್ಯೂಆರ್ ಕೋಡ್ ಇಟ್ಟು ನಗದೇ ಬೇಡ ಅಂದುಬಿಟ್ರೆ ಈ ತಾಪತ್ರಯ ಮುಗಿಯಲ್ವಾ?

ಹಳೆ ಲೆಡ್ಜರ್

ಸಾಹುಕಾರ್ರೇ, ರಜೆ ಹಾಕದವರೆಲ್ಲ ಕಳ್ಳರಲ್ಲ, ಹೆಚ್ಚಿನವರು ನಿಜವಾಗಿ ನಿಷ್ಠೆಯವರೇ. ಆದರೆ ಈ ಆಟ ಆಡುವವನಿಗೆ ರಜೆ ಹಾಕೋಕೆ ಆಗಲ್ಲ, ಅದು ನಿಜ. ಇವತ್ತು ಬಂದ ಹಣವನ್ನ ಯಾರ ಖಾತೆಗೆ ಹಾಕಬೇಕು ಅನ್ನೋದು ಅವನ ತಲೆಯಲ್ಲಿ ಮಾತ್ರ ಇರತ್ತೆ. ಒಂದು ವಾರ ಬೇರೆಯವರು ಕೂತು ಬಂದ ಹಣವನ್ನ ಬಂದವರ ಹೆಸರಿಗೇ ಬರೆದ್ರೆ, ತೂತು ಇದ್ದ ಖಾತೆಯಲ್ಲೇ ನಿಂತುಬಿಡತ್ತೆ. ಹತ್ತು ದಿನ ಸಂಬಳ ಸಮೇತ ರಜೆ ಕೊಟ್ಟು ಕಳಿಸಿ. ಅವರಿಗೂ ಒಳ್ಳೇದು, ನಿಮ್ಮ ನಿದ್ದೆಗೂ ಒಳ್ಳೇದು.

ಕ್ಯೂಆರ್ ಇಟ್ರೆ ನಗದು ಕಡಿಮೆ ಆಗತ್ತೆ, ನಿಜ. ಆದರೆ ಬ್ಯಾಂಕಿಗೆ ಬಂದ ಹಣವನ್ನೂ ತಪ್ಪು ಖಾತೆಗೆ ಬರೀಬಹುದು. ನೆಫ್ಟ್, ಯುಪಿಐ ಆದ್ರೆ ಬ್ಯಾಂಕ್ ಸ್ಟೇಟ್‌ಮೆಂಟಿನಲ್ಲಿ ಕಳಿಸಿದವರ ಹೆಸರು ಸಾಮಾನ್ಯವಾಗಿ ಬರತ್ತೆ, ಅದನ್ನ ಜಮೆ ಆದ ಖಾತೆಯ ಹೆಸರಿನ ಜೊತೆ ಹೋಲಿಸಬಹುದು. ನಮ್ಮ ಮಲೆನಾಡಿನಲ್ಲಿ ಇದಕ್ಕೂ ಒಂದು ತೊಡಕಿದೆ. ಅಪ್ಪನ ಬಾಕಿಯನ್ನ ಬೆಂಗಳೂರಿನ ಮಗ ಕಳಿಸ್ತಾನೆ, ಗಂಡನ ಅಂಗಡಿ ಬಾಕಿಯನ್ನ ಹೆಂಡತಿ ಫೋನಿನಿಂದ. ಹೆಸರು ಬೇರೆ ಇದ್ದ ಮಾತ್ರಕ್ಕೆ ಮೋಸ ಅನ್ನೋಕಾಗಲ್ಲ, ಪ್ರತಿಯೊಂದನ್ನೂ ಕೇಳಿಯೇ ತಿಳೀಬೇಕು.

ತುಂಗಾತೀರ

ನಾಲ್ಕು ದಿನ ಆಯ್ತು ಬರೆದು. ಮಾಲೀಕರಿಗೆ 'ಬ್ಯಾಂಕಿನಿಂದ ಕೆಲವು ಸ್ಲಿಪ್ ಪ್ರತಿ ಬೇಕು' ಅಂತಷ್ಟೇ ಹೇಳಿ ಪತ್ರ ತಗೊಂಡೆ. ಸಿಕ್ಕಿದ್ದನ್ನ ಹೇಳ್ತೀನಿ. ಹೆಸರುಗಳನ್ನ ಹೇಳಲ್ಲ, ಊರು ಮಾತ್ರ.

ಜುಲೈ 2ಕ್ಕೆ ಬ್ಯಾಂಕಿಗೆ ಕಟ್ಟಿದ್ದು ನಗದು 45,000. ಪುಸ್ತಕದಲ್ಲಿ ಅವತ್ತು ತೀರ್ಥಹಳ್ಳಿಗೆ 38,000, ಕೊಪ್ಪಕ್ಕೆ 7,000. ಒಟ್ಟು ಸರಿ. ಕೊಪ್ಪದ ಜಮೆ `On Account`, ನರೇಶನ್‌ನಲ್ಲಿ ರಸೀದಿ 431. ಕೊಪ್ಪದ ಅಂಗಡಿಯವರ ನಂಬರ್ ಗೋಡೌನಿನವರ ಹತ್ತಿರ ತಗೊಂಡು ಫೋನ್ ಮಾಡಿದೆ. ಅವರು ರಸೀದಿ ಫೋಟೋ ಕಳಿಸಿದ್ರು. ನಂಬರ್ 431, ಜುಲೈ 1, ನಗದು, ಮೊತ್ತ ನಲವತ್ತೈದು ಸಾವಿರ. ಏಳು ಸಾವಿರ ಅಲ್ಲ.

ಅಲ್ಲಿಗೆ ಕೊಪ್ಪದವರಿಗೆ 38,000 ಕಡಿಮೆ. ಅದು ಜುಲೈ 9ಕ್ಕೆ ಜಮೆ ಆಗಿದೆ. ಅವತ್ತೇ ಹೊಸನಗರದ ಅಂಗಡಿಗೆ 14,000. ಒಟ್ಟು 52,000. ಬ್ಯಾಂಕಿನ ಸ್ಲಿಪ್ಪಿನಲ್ಲಿ ಅವತ್ತು ನಗದೇ ಇಲ್ಲ. ಇರೋದು ಒಂದೇ ಒಂದು ಚೆಕ್, 52,000ದ್ದು. ಮಾಲೀಕರ ಪತ್ರದ ಮೇಲೆ ಬ್ಯಾಂಕಿನವರು ಚೆಕ್ಕಿನ ಇಮೇಜ್ ತೋರಿಸಿದ್ರು. ಬರೆದಿರೋದು ಹೊಸನಗರದವರು.

ಹೊಸನಗರದವರ ಚೆಕ್ಕಿನಲ್ಲಿ ಕೊಪ್ಪದವರ ಬಾಕಿ ತೀರಿದೆ.

ಟ್ಯಾಲಿ ಮಂಜು

ಮೇಡಂ, ಈಗ ಮಾತೇ ಬರ್ತಿಲ್ಲ. ನಾನು ಹೇಳಿದ್ದು ತಪ್ಪಾಯ್ತು. ಬ್ಯಾಂಕ್ ಎರಡೂ ಸಲ ಸರಿ ಇದೆ, ಆದ್ರೂ ದುಡ್ಡಿಲ್ಲ.

ಹಾಗಾದ್ರೆ ತೀರ್ಥಹಳ್ಳಿ 38, ಕೊಪ್ಪ 38, ಹೊಸನಗರ 38, ಇಲ್ಲಿಗೇ 1,14,000 ಹೋಯ್ತಲ್ಲ! ರಿಪ್ಪನ್‌ಪೇಟೆ 15 ಬೇರೆ.

ಹಳೆ ಲೆಡ್ಜರ್

ಇಲ್ಲ ಮಂಜು, ಹಾಗೆ ಕೂಡಬಾರದು. ಅದೇ 38,000 ಮೂರು ಕಡೆ ಕಾಣಿಸಿಕೊಂಡಿದೆ. ಜೇಬಿಗೆ ಹೋದದ್ದು ಒಂದು ಸಲ. ಎಷ್ಟು ಹೋಗಿದೆ ಅಂತ ತಿಳೀಬೇಕಾದ್ರೆ ಒಂದೇ ದಿನವನ್ನ ಹಿಡ್ಕೊಂಡು, ಆ ದಿನಕ್ಕೆ ಎಲ್ಲ ಗ್ರಾಹಕರೂ ಕೊಟ್ಟು ಪುಸ್ತಕಕ್ಕೆ ಬಾರದ ಹಣವನ್ನ ಕೂಡಬೇಕು. ಜೂನ್ 30ಕ್ಕೆ ಈವರೆಗೆ ಸಿಕ್ಕಿದ್ದು 38ಕ್ಕೆ 15 ಸೇರಿ 53,000. ರಿಪ್ಪನ್‌ಪೇಟೆಯದು ಇದೇ ಸರಪಳಿಯದ್ದೋ ನಿಜವಾದ ತಡವೋ ಇನ್ನೂ ಗೊತ್ತಿಲ್ಲ. ಜೊತೆಗೆ 26 ಜನ ಉತ್ತರವನ್ನೇ ಕೊಟ್ಟಿಲ್ಲ. ಅವರಲ್ಲಿ ಏನಿದೆಯೋ. ಹಾಗಾಗಿ 53,000 ಅನ್ನೋದನ್ನ ಕೊನೆಯ ಅಂಕಿ ಅಂತ ಯಾರಿಗೂ ಹೇಳಬೇಡಿ ಮೇಡಂ.

ಚೆಕ್ ಸಿಕ್ಕಿದ್ದು ಬಹಳ ದೊಡ್ಡದು. ನೋಟಿನ ಮೇಲೆ ಕೊಟ್ಟವರ ಹೆಸರು ಇರಲ್ಲ, ಚೆಕ್ಕಿನ ಮೇಲೆ ಇರತ್ತೆ. ಆದರೂ ಒಂದನ್ನ ಕೇಳಿಯೇ ಮುಂದೆ ಹೋಗಿ. ಕೊಪ್ಪದವರೂ ಹೊಸನಗರದವರೂ ಅಣ್ಣತಮ್ಮಂದಿರೋ, ಭಾವನೆಂಟರೋ ಆಗಿದ್ದು 'ನನ್ನ ಚೆಕ್ಕಿನಲ್ಲಿ ಅವನದ್ದನ್ನೂ ಮುರ್ಕೊಳ್ಳಿ' ಅಂದಿರಬಹುದು. ಕೊಪ್ಪದ ಪೂರ್ತಿ ರಸೀದಿ ಸಿಕ್ಕಿರೋದರಿಂದ ಇಲ್ಲಿ ಹಾಗಿರಲಿಕ್ಕಿಲ್ಲ. ಆದರೆ ಬರಹದಲ್ಲಿ ಇರಲಿ.

ಈಗ ಮುಖ್ಯವಾದದ್ದು ರಸೀದಿ ಪುಸ್ತಕ. 431ರ ಕಾರ್ಬನ್ ಪ್ರತಿಯಲ್ಲಿ ಎಷ್ಟಿದೆ? ಅಲ್ಲಿ 45,000 ಅಂತಲೇ ಇದ್ರೆ ವಸೂಲಿಯವರು ಸರಿಯಾಗಿ ಬರೆದಿದ್ದಾರೆ, ಹಣವನ್ನೂ ಪೂರ್ತಿ ಕೊಟ್ಟಿರಬಹುದು. ಆಗ ತಪ್ಪು ಎಂಟ್ರಿ ಮಾಡಿದ ಕಡೆ ಇದೆ. ಕಾರ್ಬನ್ನಿನಲ್ಲಿ 7,000 ಇದ್ದು ಮೂಲದಲ್ಲಿ 45,000 ಇದ್ರೆ, ಕಾರ್ಬನ್ ತೆಗೆದು ಎರಡು ಸಲ ಬರೆದಿದ್ದಾರೆ. ಆಗ ವಸೂಲಿಯವರ ಕಡೆಗೇ ಬರತ್ತೆ. ಒಂದು ಹಾಳೆ ಇಬ್ಬರಲ್ಲಿ ಯಾರು ಅಂತ ಹೇಳತ್ತೆ.

ಗಾಂಧಿಬಜಾರ್ ವ್ಯಾಪಾರಿ

ಮೇಡಂ, ಮಾಲೀಕನಾಗಿ ಹೇಳ್ತೀನಿ. ಇಷ್ಟು ಗೊತ್ತಾದ ಮೇಲೆ ನಮಗೆ ಹೇಳದೇ ಇಟ್ಕೋಬೇಡಿ. ಒಂದೊಂದು ದಿನವೂ ನಮ್ಮ ದುಡ್ಡು ಹೋಗ್ತಾ ಇರತ್ತೆ.

ಮಂಡಗದ್ದೆ ರಾಘು

ನನಗನ್ನಿಸೋದು ಈಗಲೇ ಹೇಳಬಾರದು. ಮಾಲೀಕರಿಗೆ ಸಿಟ್ಟು ಬಂದು ಕ್ಯಾಷಿಯರನ್ನ ಕೂಗಾಡಿದ್ರೆ ಸಂಜೆಯೊಳಗೆ ಪುಸ್ತಕ ಮಾಯ. ಎಲ್ಲ 26 ಜನರ ಉತ್ತರ ಬರಲಿ, ಆಮೇಲೆ ಒಟ್ಟಿಗೆ ಇಡಿ.

ಹಳೆ ಲೆಡ್ಜರ್

ಇಬ್ಬರದ್ದೂ ಅರ್ಥ ಆಗತ್ತೆ. 26 ಉತ್ತರಕ್ಕೆ ಕಾದ್ರೆ ತಿಂಗಳಾಗತ್ತೆ, ಅಷ್ಟರಲ್ಲಿ ಗ್ರಾಹಕರೇ ಫೋನ್ ಮಾಡಿ 'ನಿಮ್ಮ ಆಡಿಟ್ ಮೇಡಂ ರಸೀದಿ ಕೇಳ್ತಿದ್ದಾರಲ್ಲ' ಅಂತ ಕ್ಯಾಷಿಯರ್‌ಗೇ ಹೇಳ್ತಾರೆ. ಕೊಪ್ಪದಿಂದ ಈಗಾಗಲೇ ಹೇಳಿರಲೂಬಹುದು. ನಾನಾಗಿದ್ರೆ ಮೊದಲು ಸೀನಿಯರ್‌ಗೆ, ಆಮೇಲೆ ಮಾಲೀಕರಿಗೆ ಬರಹದಲ್ಲಿ, ಸಿಕ್ಕಿದ್ದಷ್ಟನ್ನೇ, ಯಾರ ಮೇಲೂ ಬೊಟ್ಟು ಮಾಡದೆ. ಅದೇ ಬೆಳಿಗ್ಗೆ ರಸೀದಿ ಪುಸ್ತಕಗಳನ್ನೆಲ್ಲ ನಿಮ್ಮ ವಶಕ್ಕೆ ತಗೊಂಡು, ಪೆಟ್ಟಿಗೆಯ ನಗದು ಎಣಿಸಿ. ಆದರೆ ಮಾಲೀಕರು ಎಂಥವರು ಅನ್ನೋದು ನಿಮಗೆ ಗೊತ್ತು, ನನಗಲ್ಲ.

ತುಂಗಾತೀರ

ಸೀನಿಯರ್‌ಗೆ ಚೆಕ್ ವಿಷಯ ತೋರಿಸಿದ ಮೇಲೆ ಅವರು ಐದು ನಿಮಿಷ ಮಾತಾಡಲಿಲ್ಲ. ಆಮೇಲೆ 'ನಡಿ, ಈಗಲೇ ಹೋಗೋಣ' ಅಂದ್ರು. ಮಾಲೀಕರಿಗೆ ಇಬ್ಬರೂ ಕೂತು ಹೇಳಿದ್ವಿ. ಅವರು ಕೂಗಾಡಲಿಲ್ಲ. ಕ್ಯಾಷಿಯರ್ ಅವರ ಮಗಳ ಮದುವೆಗೆ ತಾವೇ ಸಾಲ ಕೊಟ್ಟಿದ್ದನ್ನ ಹೇಳಿ ಸುಮ್ಮನಾದ್ರು.

ನಗದು ಎಣಿಸಿದ್ವಿ, ಪುಸ್ತಕದಷ್ಟೇ ಇದೆ.

ರಸೀದಿ ಪುಸ್ತಕಗಳು ಎಲ್ಲ ಸಿಕ್ಕವು, 401ರಿಂದ 450ರ ಪುಸ್ತಕ ಒಂದು ಬಿಟ್ಟು. ಕ್ಯಾಷಿಯರ್ ಅದು ವಸೂಲಿಯವರ ಹತ್ತಿರ ಇದೆ ಅಂತಾರೆ. ವಸೂಲಿಯವರು ಮುಗಿದ ದಿನವೇ ಕೌಂಟರಿಗೆ ಕೊಟ್ಟೆ ಅಂತಾರೆ. ಪುಸ್ತಕ ವಾಪಸ್ ಬಂದಿದ್ದನ್ನ ಬರೆದಿಡೋ ರಿಜಿಸ್ಟರೇ ಅಲ್ಲಿಲ್ಲ. ಇಬ್ಬರ ಮುಖ ನೋಡಿದ್ರೂ ನಂಬಬೇಕು ಅನ್ನಿಸತ್ತೆ. 'ಮಳೆಗಾಲದಲ್ಲಿ ಹೆಚ್ಚುಕಮ್ಮಿ ಆದಾಗ ಹೀಗೆ ಹೊಂದಿಸಿಕೊಳ್ಳಿ ಅಂತ ವಸೂಲಿಯವರೇ ಹೇಳಿದ್ರು' ಅಂತ ಕ್ಯಾಷಿಯರ್ ಈಗ ಹೇಳ್ತಿದ್ದಾರೆ. ಮೊದಲ ದಿನ ನನಗೆ ಹೇಳಿದ್ದು ಅದಲ್ಲ, ಅದನ್ನ ಅವತ್ತೇ ಟಿಪ್ಪಣಿ ಮಾಡಿಟ್ಟಿದ್ದೆ.

ಹೊಸ ಪಟ್ಟಿ 40 ಜನರಿಗೂ ನಮ್ಮ ಆಫೀಸಿನಿಂದಲೇ ಹೋಗಿದೆ, ಉತ್ತರ ನಮ್ಮ ವಿಳಾಸಕ್ಕೆ. ಮೊದಲು 'ಸರಿ ಇದೆ' ಅಂದಿದ್ದ 11 ಜನರನ್ನೂ ಬಿಟ್ಟಿಲ್ಲ. ಇವತ್ತಿಗೆ 9 ಫೋಟೋ ಬಂದಿವೆ. ಹೊಸನಗರದವರ 52,000ದ ರಸೀದಿ ಮಾತ್ರ ಇನ್ನೂ ಬಂದಿಲ್ಲ. ಅಲ್ಲಿ ಮೂರು ದಿನದಿಂದ ಕರೆಂಟಿಲ್ಲವಂತೆ, ಫೋನೂ ಸರಿಯಾಗಿ ಸಿಗ್ತಿಲ್ಲ.

ಅಡಿಕೆ ತೋಟ, ಹೊಸನಗರ

ತಂಗೀ, ಹೌದು, ಗಾಳಿಗೆ ಮರ ಬಿದ್ದು ಲೈನ್ ಹೋಗಿದೆ. ನಾನು ಈಗ ಪೇಟೆಯ ಬಸ್‌ಸ್ಟ್ಯಾಂಡ್ ಹತ್ತಿರ ನಿಂತು ಬರೀತಿದ್ದೀನಿ. ಯಾವ ಅಂಗಡಿ ಅಂತ ಹೇಳಿದ್ರೆ ನಾಳೆ ನಾನೇ ಹೋಗಿ ರಸೀದಿ ಫೋಟೋ ತೆಗೆದು ಕಳಿಸ್ತೀನಿ.

ತುಂಗಾತೀರ

ಅಣ್ಣ, ನಿಮ್ಮ ಮನಸ್ಸಿಗೆ ತುಂಬಾ ಧನ್ಯವಾದ. ಆದರೆ ಅಂಗಡಿ ಹೆಸರು ಹೇಳೋಕಾಗಲ್ಲ, ರಸೀದಿಯೂ ಅವರ ಕೈಯಿಂದ ನೇರ ನಮ್ಮ ಕೈಗೇ ಬರಬೇಕು. ನಾಳೆ ಬೆಳಗಿನ ಬಸ್ಸಿಗೆ ನಾನೇ ಬರ್ತೀನಿ.

ಹಳೆ ಲೆಡ್ಜರ್

ಹೋದಾಗ ರಸೀದಿಯ ಹಿಂಭಾಗವನ್ನೂ ನೋಡಿ ಮೇಡಂ. ಕಾರ್ಬನ್ ಕೆಳಗಿಟ್ಟು ಒತ್ತಿ ಬರೆದಿದ್ರೆ ಬಾಲ್ ಪೆನ್ನಿನ ಗೀರು ಬೆರಳಿಗೆ ಸಿಗತ್ತೆ, ಆದರೆ ಅದು ಸುಳಿವು ಅಷ್ಟೇ, ಸಾಕ್ಷಿ ಅಲ್ಲ. ಪುಸ್ತಕ ಸಿಗದಿದ್ರೂ 451ರ ಪುಸ್ತಕ ಶುರುವಾದ ತಾರೀಖು ಬರೆದಿಟ್ಕೊಳ್ಳಿ. 401ರದ್ದು ಮುಗಿಯೋಕೆ ಮೊದಲೇ ಹೊಸದು ಶುರುವಾಗಿದ್ರೆ, ಒಂದೇ ಸಮಯಕ್ಕೆ ಎರಡು ಪುಸ್ತಕ ಓಡಾಡ್ತಾ ಇದ್ದವು. ಹಾಗಿದ್ರೆ 450ರವರೆಗಿನ ಎಲ್ಲ ನಂಬರುಗಳೂ ಟ್ಯಾಲಿಯಲ್ಲಿ ಬಂದಿವೆಯಾ ಅಂತ ಒಂದೊಂದಾಗಿ ಹುಡುಕಬೇಕಾಗತ್ತೆ.